ಸಾವನದುರ್ಗದ ಎದುರಿಗೆ ಹೆಂಚಿನ ತೋಟದ ಮನೆ: ದಿನದ ಬಾಡಿಗೆಗೆ, ಕುಟುಂಬಗಳಿಗೆ ಮಾತ್ರ

ಜಗಲಿ ಮೇಲೆ ಕೂತರೆ ಎದುರಿಗೇ ಸಾವನದುರ್ಗ. ಚಳಿಗಾಲದ ಬೆಳಿಗ್ಗೆ ಬಂಡೆಯ ಅರ್ಧಕ್ಕೆ ಮಂಜು ಕವಿದಿರುತ್ತದೆ. ಬಿಸಿಲು ಏರಿದ ಮೇಲೆ ಕರಿಗುಡ್ಡ, ಬಿಳಿಗುಡ್ಡ ಬೇರೆ ಬೇರೆಯಾಗಿ ಕಾಣುತ್ತವೆ. ಮಾಗಡಿ ತಾಲ್ಲೂಕಿನ ಈ ಎರಡೂವರೆ ಎಕರೆಯಲ್ಲಿ ತೆಂಗು, ಮಾವು, ಒಂದಿಷ್ಟು ರಾಗಿ ಇದೆ. ನಡುವೆ ನಮ್ಮ ತಾತ ಕಟ್ಟಿಸಿದ ಹೆಂಚಿನ ಮನೆ.

ಮೊದಲೇ ಹೇಳಿಬಿಡುತ್ತೇವೆ, ಇದು ರೆಸಾರ್ಟ್ ಅಲ್ಲ. ಏಸಿ ಇಲ್ಲ, ಟಿವಿ ಇಲ್ಲ. ಗೋಡೆಯ ಮೇಲೆ ಹಲ್ಲಿ ಇರುತ್ತದೆ, ಮಳೆಗಾಲದಲ್ಲಿ ದೀಪದ ಹುಳು ಜಾಸ್ತಿ. ಅದು ಆಗಲ್ಲ ಅನ್ನುವವರು ದಯವಿಟ್ಟು ಬೇರೆ ಜಾಗ ನೋಡಿ.

ಎರಡು ಕೋಣೆ, ಒಂದು ದೊಡ್ಡ ಪಡಸಾಲೆ, ಎರಡು ಬಚ್ಚಲು. ಮಕ್ಕಳೂ ಸೇರಿ 8 ಜನ ಮಲಗಬಹುದು. ಡ್ರೈವರ್‌ಗೆ ಬೇರೆ ಕೋಣೆ, ಹಾಸಿಗೆ ಇದೆ, ಅದಕ್ಕೆ ದುಡ್ಡಿಲ್ಲ. ಶುಕ್ರವಾರ, ಶನಿವಾರ ರಾತ್ರಿಗೆ ₹9,000, ಉಳಿದ ದಿನ ₹6,500. ಮುಂಗಡ ಠೇವಣಿ ₹3,000. ಹೊರಡುವ ದಿನ ಮನೆ ನೋಡಿ ಅಲ್ಲೇ ವಾಪಸ್ ಕೊಡುತ್ತೇವೆ. ಮಧ್ಯಾಹ್ನ 1ಕ್ಕೆ ಬನ್ನಿ, ಮರುದಿನ ಬೆಳಿಗ್ಗೆ 11ಕ್ಕೆ ಬಿಡಿ.

ಮನೆ ನೋಡಿಕೊಳ್ಳುವವರು

ತೋಟದ ಮೂಲೆಯ ಮನೆಯಲ್ಲಿ ಒಂದು ದಂಪತಿ ಇದ್ದಾರೆ. ಹನ್ನೊಂದು ವರ್ಷದಿಂದ ತೋಟವೂ ಅವರದೇ ಕೈಲಿ, ಬೀಗದ ಕೈಯೂ ಅವರದೇ ಕೈಲಿ. ಅಣ್ಣ, ಅಕ್ಕ ಅಂತ ಕರೆದರೆ ಸಾಕು. ‘ಏಯ್ ವಾಚ್‌ಮನ್’ ಅಂದರೆ ಅಣ್ಣ ತಿರುಗಿ ನೋಡುವುದಿಲ್ಲ, ನಾವೂ ಅವರ ಪರವೇ. ರಾತ್ರಿ 9ರ ನಂತರ ತುರ್ತು ಇದ್ದರೆ ಮಾತ್ರ ಎಬ್ಬಿಸಿ. ಹೆಂಡ ತರಲು, ಸಿಗರೇಟು ತರಲು ಅವರನ್ನು ಕಳಿಸಬೇಡಿ.

ಅಡುಗೆ ಅಕ್ಕನದು. ರಾಗಿ ಮುದ್ದೆ, ಸೊಪ್ಪಿನ ಸಾರು, ಅನ್ನ, ಮಜ್ಜಿಗೆ ಊಟಕ್ಕೆ ತಲೆಗೆ ₹200. ನಾಟಿ ಕೋಳಿ ಸಾರು ಬೇಕಾದರೆ ಹಿಂದಿನ ದಿನವೇ ಹೇಳಿ, ಅದರ ಲೆಕ್ಕ ಬೇರೆ. ಈ ದುಡ್ಡು ನೇರ ಅವರ ಕೈಗೆ ಕೊಡಿ, ನಮಗೆ ಅದರಲ್ಲಿ ಪಾಲಿಲ್ಲ. ಅವರೆಕಾಯಿ ಕಾಲಕ್ಕೆ ಬಂದವರು ಹಿತಕಿದ ಬೇಳೆ ಸಾರು ಕೇಳದೆ ಹೋಗಬೇಡಿ.

ನೀರು, ಕರೆಂಟು, ಕಮೋಡು

ಬೋರ್‌ವೆಲ್ ನೀರು ಗಡಸು, ಸೋಪು ಸರಿಯಾಗಿ ನೊರೆ ಬರುವುದಿಲ್ಲ. ಕುಡಿಯಲು ಕ್ಯಾನ್ ನೀರು ಇಟ್ಟಿರುತ್ತೇವೆ. ಬಿಸಿನೀರು ಸೋಲಾರ್‌ದು. ಮೋಡ ಇದ್ದರೆ ಅಣ್ಣ ಬೆಳಿಗ್ಗೆಯೇ ಹಂಡೆಗೆ ಉರಿ ಹಾಕುತ್ತಾರೆ, ಸೌದೆ ಹೊಗೆಯ ವಾಸನೆಯ ಆ ನೀರೇ ಮಕ್ಕಳಿಗೆ ಇಷ್ಟ. ಕರೆಂಟು ಹೋಗುತ್ತದೆ. ಯುಪಿಎಸ್‌ನಲ್ಲಿ ಲೈಟು, ಫ್ಯಾನು ಮಾತ್ರ ನಡೆಯುತ್ತವೆ. ಇಂಡಕ್ಷನ್ ಒಲೆ, ಹೇರ್ ಡ್ರೈಯರ್ ಹಚ್ಚಿದರೆ ಅದೂ ಕೈಕೊಡುತ್ತದೆ.

ಪ್ರತಿ ಗುರುವಾರ ಮನೆಯೆಲ್ಲ ಗುಡಿಸಿ, ಒರೆಸಿ, ಜೇಡರ ಬಲೆ ತೆಗೆಸುತ್ತೇವೆ. ಪ್ರತಿ ಕುಟುಂಬಕ್ಕೂ ಒಗೆದ ಹಾಸು ಹೊದಿಕೆ. ನೀರಿನ ಟ್ಯಾಂಕು ತಿಂಗಳಿಗೊಮ್ಮೆ ತೊಳೆಯುತ್ತೇವೆ. ಬಚ್ಚಲಲ್ಲಿ ನೀವು ಪಾಲಿಸಬೇಕಾದ್ದು ಒಂದೇ: ಡೈಪರ್, ಪ್ಯಾಡ್, ಒದ್ದೆ ಟಿಶ್ಯೂ ಕಮೋಡಿಗೆ ಹಾಕಬೇಡಿ. ಇಲ್ಲಿ ಚರಂಡಿ ಇಲ್ಲ, ಪಿಟ್ ಇದೆ. ಹೋದ ಮಳೆಗಾಲದಲ್ಲಿ ಯಾರೋ ಹಾಕಿದ ಮೂರು ಡೈಪರ್‌ನಿಂದ ಪೈಪು ಕಟ್ಟಿತು. ಸಕ್ಕಿಂಗ್ ಲಾರಿ ಕೆಸರಿನಲ್ಲಿ ಹೂತು, ಅದನ್ನು ಎಳೆಯಲು ಪಕ್ಕದ ತೋಟದ ಟ್ರ್ಯಾಕ್ಟರ್ ಬಂತು. ಆ ವಾರ ಬರಬೇಕಿದ್ದ ಅಜ್ಜಿ ತಾತಂದಿರಿಗೆ ಬೇಡ ಅನ್ನಬೇಕಾಯಿತು. ಈಗ ಎರಡೂ ಬಚ್ಚಲಲ್ಲಿ ಮುಚ್ಚಳದ ಡಬ್ಬ ಇದೆ.

ಮನೆಯ ಕಟ್ಟುಪಾಡು

ಈ ಕಡೆ ಚಿರತೆ ಓಡಾಟ ಇದೆ. ಹೆದರಿಸಲು ಹೇಳುತ್ತಿಲ್ಲ, ಆದರೆ ಸಂಜೆ 6.30ಕ್ಕೆ ಗೇಟು ಹಾಕುತ್ತೇವೆ. ಆಮೇಲೆ ಮಕ್ಕಳು ಅಂಗಳ ದಾಟಬಾರದು. ಕತ್ತಲಲ್ಲಿ ಟಾರ್ಚು, ಚಪ್ಪಲಿ ಇಲ್ಲದೆ ಹೊರಗೆ ಕಾಲಿಡಬೇಡಿ, ಹಾವಿನ ಜಾಗ. ನಮ್ಮ ಎರಡು ನಾಟಿ ನಾಯಿಗಳು ಸಾಧು, ಆದರೆ ನಿಮ್ಮ ನಾಯಿಯನ್ನು ಒಪ್ಪುವುದಿಲ್ಲ. ಮನೆಯಲ್ಲೇ ಬಿಟ್ಟು ಬನ್ನಿ.

ನೀರಿನ ತೊಟ್ಟಿ ಮೂರೂವರೆ ಅಡಿ ಆಳ. ಹಗಲಲ್ಲಿ ಮಕ್ಕಳು ಇಳಿಯಬಹುದು, ದೊಡ್ಡವರೊಬ್ಬರು ದಡದಲ್ಲಿ ಕೂತಿರಲೇಬೇಕು, ಫೋನ್ ಒಳಗಿಟ್ಟು. ಮಂಚನಬೆಲೆ ಜಲಾಶಯ ನೋಡಲು ಹೋಗಿ, ನೀರಿಗೆ ಮಾತ್ರ ಇಳಿಯಬೇಡಿ. ಅಲ್ಲಿ ಮುಳುಗಿ ಸತ್ತವರಿದ್ದಾರೆ. ಮಳೆ ಬಿದ್ದ ದಿನ ಬೆಟ್ಟವನ್ನೂ ಹತ್ತಬೇಡಿ, ಬಂಡೆ ಜಾರುತ್ತದೆ. ಅಂಥ ದಿನ ಬುಡದ ವೀರಭದ್ರ, ನರಸಿಂಹ ದೇವಸ್ಥಾನ ನೋಡಿ ಬನ್ನಿ.

ಬೆಂಕಿ ಹಾಕುವುದು ಕಲ್ಲಿನ ವೃತ್ತದಲ್ಲಿ ಮಾತ್ರ. ಫೆಬ್ರುವರಿಯಿಂದ ಮೊದಲ ಮಳೆವರೆಗೆ ಅದೂ ಇಲ್ಲ, ಹುಲ್ಲು ಒಣಗಿ ನಿಂತಿರುತ್ತದೆ. ಹುಣಸೆ ಮರದಲ್ಲಿ ಹೆಜ್ಜೇನು ಇದೆ, ಅದರ ಕೆಳಗೆ ಹೊಗೆ, ಪಟಾಕಿ, ಡ್ರೋನ್ ಯಾವುದೂ ಬೇಡ. ಸ್ಪೀಕರ್ ತರಬೇಡಿ. ಹಾಡಬೇಕು ಅನಿಸಿದರೆ ಹಾಡಿ, ರಾತ್ರಿ 10ರವರೆಗೆ. ಬಿದ್ದ ಮಾವಿನ ಹಣ್ಣು ಎಷ್ಟಾದರೂ ತಿನ್ನಿ, ಮರದಲ್ಲಿರುವುದು ಗುತ್ತಿಗೆದಾರರದು.

ಬುಕ್ ಮಾಡುವಾಗ ಎಷ್ಟು ಜನ, ಮಕ್ಕಳ ವಯಸ್ಸೆಷ್ಟು ಬರೆಯಿರಿ. ದೊಡ್ಡವರೆಲ್ಲರೂ ಗುರುತಿನ ಚೀಟಿ ತನ್ನಿ. ಬರೆದಷ್ಟು ಜನಕ್ಕಿಂತ ಹೆಚ್ಚು ಬಂದರೆ ಗೇಟು ತೆಗೆಯುವುದಿಲ್ಲ. ಐದು ದಿನ ಮೊದಲು ರದ್ದು ಮಾಡಿದರೆ ಪೂರ್ತಿ ಹಣ ವಾಪಸ್, ಆಮೇಲೆ ಅರ್ಧ. ಕೊನೆಯ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ. ಮಳೆ ಬಂದಿದ್ದರೆ ತಗ್ಗಿನ ಕಾರನ್ನು ಊರಿನ ಅರಳಿಕಟ್ಟೆ ಹತ್ತಿರ ನಿಲ್ಲಿಸಿ ಫೋನ್ ಮಾಡಿ, ಅಣ್ಣ ಜೀಪು ತರುತ್ತಾರೆ.