ಕೆಂಪು ದೀಪವಿಲ್ಲದ ತಗ್ಗು: ನಿರ್ಲಕ್ಷ್ಯದ ಒಂದು ಸಮಸ್ಯೆ, ಅದರ ಪೂರ್ಣ ಉತ್ತರ

ಸಮಸ್ಯೆ

ಧಾರವಾಡದ ಒಂದು ಬಡಾವಣೆಯಲ್ಲಿ ಕುಡಿಯುವ ನೀರಿನ ಪೈಪ್ ಹಾಕುವ ಗುತ್ತಿಗೆ ಮಹಾಂತೇಶನಿಗೆ ಸಿಕ್ಕಿದೆ. ಅವನ ಆಳುಗಳು ರಸ್ತೆ ಪಕ್ಕ ನಾಲ್ಕು ಅಡಿ ಆಳದ ತಗ್ಗು ತೋಡಿದ್ದಾರೆ. ತಗ್ಗಿನ ಒಂದು ತುದಿಗೆ ಎರಡು ಡ್ರಮ್ ಇಟ್ಟು ಹಗ್ಗ ಕಟ್ಟಿದ್ದಾರೆ, ಇನ್ನೊಂದು ತುದಿ ಬರಿದಾಗಿದೆ. ಆ ಬೀದಿಯ ದೀಪ ಕೆಟ್ಟು ವಾರಗಳೇ ಆಗಿವೆ. ಹಿಂದಿನ ರಾತ್ರಿ ಒಂದು ಕರು ತಗ್ಗಿಗೆ ಬಿದ್ದಿತ್ತು. ಬೆಳಿಗ್ಗೆ ಓಣಿಯವರು ಮಹಾಂತೇಶನಿಗೆ ಹೇಳಿದಾಗ ಅವನು, "ನಾಳೆ ಪೈಪ್ ಹಾಕಿ ಮುಚ್ಚತೀವಿ" ಎಂದಿದ್ದ.

ರಾತ್ರಿ ಎಂಟೂವರೆಗೆ ಖಾನಾವಳಿಗಳಿಗೆ ರೊಟ್ಟಿ ತಟ್ಟಿಕೊಡುವ 55 ವರ್ಷದ ಗಂಗವ್ವ ಫೋನಿನಲ್ಲಿ ಮಾತಾಡುತ್ತ ಬರಿದಾದ ತುದಿಯ ಕಡೆಯಿಂದ ನಡೆದುಬಂದು ತಗ್ಗಿಗೆ ಬೀಳುತ್ತಾರೆ. ಮಣಿಕಟ್ಟು ಮುರಿಯುತ್ತದೆ, ಬಲಪಾದ ಕಲ್ಲಿಗೆ ತಾಗಿ ಸೀಳುತ್ತದೆ. ಕೂಗು ಕೇಳಿ ಓಡಿಬಂದ ನೆರೆಮನೆಯ ಇರ್ಫಾನ್ ಅವರನ್ನು ಎತ್ತಲು ತಗ್ಗಿಗೆ ಇಳಿಯುವಾಗ ಕಾಲು ಜಾರಿ ಹಿಮ್ಮಡಿಯ ಮೂಳೆ ಮುರಿದುಕೊಳ್ಳುತ್ತಾನೆ.

ಹತ್ತಿರದ ದವಾಖಾನೆಯ ವೈದ್ಯರಿಗೆ ಗಂಗವ್ವ, "ನನಗ ಶುಗರ್ ಐತ್ರಿ" ಎಂದು ಹೇಳುತ್ತಾರೆ. ವೈದ್ಯರು ರಕ್ತ ಪರೀಕ್ಷೆ ಮಾಡಿಸದೆ ಗಾಯ ತೊಳೆದು, ಪಟ್ಟಿ ಕಟ್ಟಿ, ಮೂರು ದಿನ ಬಿಟ್ಟು ಬರಲು ಹೇಳುತ್ತಾರೆ. ಮೂರನೇ ದಿನದ ಹೊತ್ತಿಗೆ ಗಾಯ ಕೊಳೆತಿರುತ್ತದೆ, ಎರಡು ಕಾಲ್ಬೆರಳು ತೆಗೆಯಬೇಕಾಗುತ್ತದೆ. ತಜ್ಞರ ಸಾಕ್ಷ್ಯದ ಪ್ರಕಾರ, ಆ ರಾತ್ರಿಯೇ ಸಕ್ಕರೆ ಅಂಶ ನೋಡಿ ಚಿಕಿತ್ಸೆ ಶುರು ಮಾಡಿದ್ದರೆ ಬೆರಳು ಉಳಿಯುವ ಸಾಧ್ಯತೆ ಶೇಕಡ 30 ಇತ್ತು.

ಎರಡು ದಿನದಲ್ಲಿ ಒಂದು ಮದುವೆಗೆ 800 ರೊಟ್ಟಿ ಕೊಡುವ ಕೆಲಸ ಗಂಗವ್ವನ ಕೈಯಲ್ಲಿತ್ತು. ಅದರಿಂದ ಬರಬೇಕಿದ್ದ 3,000 ರೂಪಾಯಿ ಕೈತಪ್ಪಿತು. ಆ ಮದುವೆಯ ಅಡುಗೆ ಹಿಡಿದಿದ್ದ ಶಿವಾನಂದ ರೊಟ್ಟಿ ಸಿಗದೆ 40,000 ರೂಪಾಯಿ ಕಳೆದುಕೊಂಡ.

ಮಹಾಂತೇಶ ಮತ್ತು ವೈದ್ಯರ ಹೊಣೆಯನ್ನು ಚರ್ಚಿಸಿ. ಪಾಲಿಕೆಯ ಹೊಣೆ ಪರಿಗಣಿಸುವ ಅಗತ್ಯವಿಲ್ಲ.

ಉತ್ತರ

*ಕರ್ತವ್ಯ.* ಗಂಗವ್ವನ ಮಟ್ಟಿಗೆ ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ನಮ್ಮ ಕೃತ್ಯದಿಂದ ನೇರವಾಗಿ ಬಾಧಿತರಾಗುವರೆಂದು ನಾವು ಮೊದಲೇ ಊಹಿಸಬಹುದಾದವರೆಲ್ಲ ಕಾನೂನಿನ ಕಣ್ಣಿಗೆ ನಮ್ಮ ನೆರೆಯವರು ಎಂಬ ತತ್ವವನ್ನು ಬ್ರಿಟನ್ನಿನ ನ್ಯಾಯಾಧೀಶ ಲಾರ್ಡ್ ಆಟ್ಕಿನ್ ಡೊನಹ್ಯೂ ವಿರುದ್ಧ ಸ್ಟೀವನ್‌ಸನ್ (1932) ಪ್ರಕರಣದಲ್ಲಿ ಇಟ್ಟರು. ರಸ್ತೆ ಅಗೆದವನಿಗೆ ಆ ರಸ್ತೆಯಲ್ಲಿ ನಡೆಯುವವರಿಗಿಂತ ಹತ್ತಿರದ ನೆರೆಯವರು ಇನ್ಯಾರು? ಇದು ಹೊಸ ಬಗೆಯ ಕರ್ತವ್ಯವೂ ಅಲ್ಲ. ಹೇಲಿ ವಿರುದ್ಧ ಲಂಡನ್ ಎಲೆಕ್ಟ್ರಿಸಿಟಿ ಬೋರ್ಡ್ (1965) ಪ್ರಕರಣದಲ್ಲಿ ಪಾದಚಾರಿ ಹಾದಿಯ ಅಗೆತದ ಬಳಿ ಬಿದ್ದ ಅಂಧ ವ್ಯಕ್ತಿಗೂ ಈ ಕರ್ತವ್ಯ ಸಲ್ಲುತ್ತದೆ ಎಂದು ತೀರ್ಪಾಯಿತು. ರಸ್ತೆಗೆ ಹೊಂದಿಕೊಂಡ ಕಟ್ಟಡದಿಂದ ದಾರಿಹೋಕರಿಗೆ ಅಪಾಯ ಆಗದಂತೆ ನೋಡಿಕೊಳ್ಳುವ ಹೊಣೆಯನ್ನು ಸುಪ್ರೀಂ ಕೋರ್ಟ್ ದೆಹಲಿ ಪಾಲಿಕೆ ವಿರುದ್ಧ ಸುಭಾಗ್‌ವಂತಿ (1966) ಎಂಬ ಚಾಂದನಿ ಚೌಕದ ಗಡಿಯಾರ ಗೋಪುರದ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಹೀಗೆ ಪೂರ್ವನಿರ್ಣಯ ಇರುವಾಗ, ಹಾನಿ ಊಹಿಸಬಹುದಾಗಿತ್ತೇ, ಇಬ್ಬರ ನಡುವೆ ಸಾಮೀಪ್ಯ ಇತ್ತೇ, ಹೊಣೆ ಹೊರಿಸುವುದು ನ್ಯಾಯವೇ ಎಂದು ಕೇಳುವ ಕಪಾರೊ ಪ್ರಕರಣದ ಮೂರು ಹಂತದ ಪರೀಕ್ಷೆಯನ್ನು ಎಳೆದುತರಬೇಕಿಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟೇ 2018ರ ರಾಬಿನ್‌ಸನ್ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿದೆ.

ಇರ್ಫಾನ್‌ಗೂ ಪ್ರತ್ಯೇಕವಾಗಿ ಕರ್ತವ್ಯ ಸಲ್ಲುತ್ತದೆ. ಒಬ್ಬರನ್ನು ಅಪಾಯಕ್ಕೆ ತಳ್ಳಿದವನು, ಅವರನ್ನು ಉಳಿಸಲು ಇನ್ನೊಬ್ಬರು ಧಾವಿಸುತ್ತಾರೆಂದು ತಿಳಿದಿರಬೇಕು. ಬೆದರಿ ಓಡುತ್ತಿದ್ದ ಕುದುರೆಗಳನ್ನು ತಡೆದು ಗಾಯಗೊಂಡ ಪೊಲೀಸನಿಗೆ ಹೇನ್ಸ್ ವಿರುದ್ಧ ಹಾರ್ವುಡ್ (1935) ಪ್ರಕರಣದಲ್ಲಿ ಪರಿಹಾರ ಸಿಕ್ಕಿತು. "ತಾನಾಗಿ ಇಳಿದ, ತಾನೇ ಬಿದ್ದ" ಎಂದು ಮಹಾಂತೇಶ ವಾದಿಸಿದರೆ ಅದು ನಿಲ್ಲುವುದಿಲ್ಲ. ಓಣಿಯಲ್ಲಿ ಒಬ್ಬ ಹೆಂಗಸು ಕತ್ತಲ ತಗ್ಗಿನಿಂದ ಕೂಗಿಕೊಂಡರೆ ನೆರೆಯವರು ಸುಮ್ಮನೆ ನಿಂತು ನೋಡಲಿ ಎಂದು ಕಾನೂನು ಬಯಸುವುದಿಲ್ಲ, ಬಯಸಲೂಬಾರದು.

ಶಿವಾನಂದನ ಕಥೆ ಬೇರೆ. ಅವನಿಗೆ ಪೆಟ್ಟಾಗಿಲ್ಲ, ಅವನ ಸೊತ್ತಿಗೆ ಹಾನಿಯಾಗಿಲ್ಲ. ಇನ್ನೊಬ್ಬರಿಗೆ ಆದ ಪೆಟ್ಟಿನಿಂದ ಅವನ ವ್ಯವಹಾರ ಕೆಟ್ಟಿದೆ, ಅಷ್ಟೇ. ಇದು ಶುದ್ಧ ಆರ್ಥಿಕ ನಷ್ಟ. ಸ್ಪಾರ್ಟನ್ ಸ್ಟೀಲ್ (1973) ಪ್ರಕರಣದಲ್ಲಿ ರಸ್ತೆ ಅಗೆಯುವವರು ವಿದ್ಯುತ್ ಕೇಬಲ್ ಕಡಿದರು. ಕುಲುಮೆಯಲ್ಲಿ ಕೆಟ್ಟ ಲೋಹಕ್ಕೆ ಮತ್ತು ಅದರ ಲಾಭಕ್ಕೆ ಪರಿಹಾರ ಸಿಕ್ಕಿತು, ಕರೆಂಟ್ ಇಲ್ಲದೆ ಕರಗಿಸಲಾಗದೆ ಹೋದ ಮುಂದಿನ ಸರಕಿನ ಲಾಭಕ್ಕೆ ಸಿಗಲಿಲ್ಲ. ಶಿವಾನಂದನ ದಾವೆ ಕರ್ತವ್ಯದ ಹೊಸ್ತಿಲಲ್ಲೇ ಬೀಳುತ್ತದೆ. ಅದನ್ನು ದೂರಸ್ಥತೆಯವರೆಗೆ, ಅಂದರೆ ನಷ್ಟ ಕೃತ್ಯದಿಂದ ತೀರ ದೂರದ್ದೇ ಎಂಬ ಪ್ರಶ್ನೆಯವರೆಗೆ, ಎಳೆದುಕೊಂಡು ಹೋಗಬೇಕಾಗಿಲ್ಲ.

*ಕರ್ತವ್ಯಭಂಗ.* ತಗ್ಗು ತೋಡಿದ್ದು ತಪ್ಪಲ್ಲ. ನೀರಿನ ಪೈಪ್ ಹಾಕಬೇಕಾದರೆ ನೆಲ ಅಗೆಯಲೇಬೇಕು. ತಪ್ಪು ಇರುವುದು ಒಂದು ತುದಿಯನ್ನು ತಡೆಯಿಲ್ಲದೆ, ದೀಪವಿಲ್ಲದೆ ರಾತ್ರಿಯಿಡೀ ಬಿಟ್ಟದ್ದರಲ್ಲಿ. ಈ ಮಾತನ್ನು ಇಲ್ಲಿ ಖಚಿತ ಮಾಡಿಕೊಳ್ಳದಿದ್ದರೆ ಮುಂದೆ ಕಾರಣ ಸಂಬಂಧದ ಚರ್ಚೆಯೇ ದಾರಿ ತಪ್ಪುತ್ತದೆ.

ವಿವೇಕವುಳ್ಳ ಗುತ್ತಿಗೆದಾರ ಏನು ಮಾಡುತ್ತಿದ್ದ ಎಂಬುದೇ ಅಳತೆಗೋಲು (ಬ್ಲೈತ್ ಪ್ರಕರಣ, 1856). ಬೋಲ್ಟನ್ ವಿರುದ್ಧ ಸ್ಟೋನ್ (1951) ಪ್ರಕರಣದಲ್ಲಿ ಕ್ರಿಕೆಟ್ ಚೆಂಡು ಮೈದಾನದ ಆಚೆ ಬೀಳುವುದು ತೀರ ಅಪರೂಪವಾಗಿದ್ದರಿಂದ ಕ್ಲಬ್ ಪಾರಾಯಿತು. ಮಹಾಂತೇಶನಿಗೆ ಆ ನೆಮ್ಮದಿ ಇಲ್ಲ, ಏಕೆಂದರೆ ಹಿಂದಿನ ರಾತ್ರಿಯೇ ಕರು ಬಿದ್ದಿತ್ತು, ಅದು ಅವನ ಕಿವಿಗೂ ಬಿದ್ದಿತ್ತು. ಬೀದಿದೀಪ ಕೆಟ್ಟಿದ್ದು ತನ್ನ ತಪ್ಪಲ್ಲ ಎಂದು ಅವನು ಹೇಳಬಹುದು. ಆದರೆ ಕತ್ತಲಿದ್ದಷ್ಟೂ ಅಪಾಯ ಹೆಚ್ಚು, ಅಪಾಯ ಹೆಚ್ಚಿದಷ್ಟೂ ಎಚ್ಚರಿಕೆ ಹೆಚ್ಚಬೇಕು. ಲಾಟಿಮರ್ ವಿರುದ್ಧ ಎಇಸಿ (1953) ಪ್ರಕರಣದಲ್ಲಿ ಅಪಾಯ ತಪ್ಪಿಸಲು ಇಡೀ ಕಾರ್ಖಾನೆ ಮುಚ್ಚಬೇಕಾಗಿತ್ತು, ಅಷ್ಟನ್ನು ಮಾಲೀಕರಿಂದ ನಿರೀಕ್ಷಿಸಲಾಗದು ಎಂದಾಯಿತು. ಇಲ್ಲಿ ಬೇಕಾಗಿದ್ದದ್ದು ಇನ್ನೆರಡು ಡ್ರಮ್, ಒಂದು ಹಗ್ಗ, ಒಂದು ಕೆಂಪು ದೀಪ. ಒಂದು ತುದಿಗೆ ಡ್ರಮ್ ಇಟ್ಟದ್ದೇ ಅವನಿಗೆ ಅಪಾಯದ ಅರಿವು ಇತ್ತೆನ್ನುವುದಕ್ಕೆ ಸಾಕ್ಷಿ. ಕರ್ತವ್ಯಭಂಗ ಸಾಬೀತು.

ವೈದ್ಯರಿಗೆ ಬೋಲಮ್ (1957) ಅಳತೆಗೋಲು: ಜವಾಬ್ದಾರಿಯುತ ವೈದ್ಯರ ಒಂದು ಬಳಗ ಸರಿಯೆಂದು ಒಪ್ಪುವಂತೆ ನಡೆದುಕೊಂಡ ವೈದ್ಯರು ನಿರ್ಲಕ್ಷ್ಯ ತೋರಿದಂತಲ್ಲ. ಅದನ್ನು ಜೇಕಬ್ ಮ್ಯಾಥ್ಯೂ (2005) ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟೂ ಒಪ್ಪಿದೆ. ಸಕ್ಕರೆ ಕಾಯಿಲೆ ಇದೆ ಎಂದು ರೋಗಿಯೇ ಹೇಳಿದ ಮೇಲೂ ಪಾದದ ಸೀಳುಗಾಯಕ್ಕೆ ರಕ್ತ ಪರೀಕ್ಷೆ ಮಾಡಿಸದಿರುವುದನ್ನು ಯಾವುದೇ ಜವಾಬ್ದಾರಿಯುತ ವೈದ್ಯರ ಬಳಗ ಸಮರ್ಥಿಸುವುದು ಕಷ್ಟ. ವೈದ್ಯರಿಂದಲೂ ಕರ್ತವ್ಯಭಂಗ ಆಗಿದೆ ಎಂದುಕೊಂಡೇ ಮುಂದೆ ಹೋಗೋಣ.

*ಕಾರಣ ಸಂಬಂಧ.* "ತಗ್ಗು ಇರದಿದ್ದರೆ ಗಂಗವ್ವ ಬೀಳುತ್ತಿದ್ದರೆ?" ಎಂದು ಕೇಳುವುದು ತಪ್ಪು ಪ್ರಶ್ನೆ. ಕೇಳಬೇಕಾದ್ದು "ಆ ತುದಿಗೂ ತಡೆ ಮತ್ತು ದೀಪ ಇದ್ದಿದ್ದರೆ ಬೀಳುತ್ತಿದ್ದರೆ?" ಎಂದು. ಅವಳು ಫೋನಿನಲ್ಲಿ ಮುಳುಗಿದ್ದಳು, ದೀಪ ಇದ್ದರೂ ನೋಡುತ್ತಿರಲಿಲ್ಲ ಎಂಬುದು ಮಹಾಂತೇಶನ ಜೋರಾದ ವಾದ. ಇದಕ್ಕೆ ಪೂರ್ವನಿರ್ಣಯದ ಬಲವೂ ಇದೆ: ಮ್ಯಾಕ್‌ವಿಲಿಯಮ್ಸ್ (1962) ಪ್ರಕರಣದಲ್ಲಿ ಸುರಕ್ಷತಾ ಬೆಲ್ಟ್ ಕೊಟ್ಟಿದ್ದರೂ ಕಾರ್ಮಿಕ ಅದನ್ನು ಹಾಕಿಕೊಳ್ಳುತ್ತಿರಲಿಲ್ಲ ಎಂದು ಕಂಡುಬಂದಾಗ ದಾವೆ ಸೋತಿತು. ಆದರೆ ದೀಪವನ್ನು ನೋಡದವರೂ ಸೊಂಟದೆತ್ತರದ ಹಗ್ಗಕ್ಕೆ ಮೈ ತಾಗಿದರೆ ನಿಲ್ಲುತ್ತಾರೆ. ತಡೆ ಕಣ್ಣಿನ ಎಚ್ಚರವನ್ನೇ ನಂಬಿಕೊಂಡಿರುವುದಿಲ್ಲ. ಆದ್ದರಿಂದ ಲೋಪಕ್ಕೂ ಬೀಳುವುದಕ್ಕೂ ಸಂಬಂಧ ಸಾಬೀತು. ಇರ್ಫಾನ್‌ನ ಪೆಟ್ಟೂ ಅದೇ ಸರಪಳಿಯ ಕೊಂಡಿ.

ವೈದ್ಯರ ವಿಷಯದಲ್ಲಿ ಪ್ರಶ್ನೆ ಬಿಗಿಯಾಗುತ್ತದೆ. ಆರ್ಸೆನಿಕ್ ಬೆರೆತ ಚಹಾ ಕುಡಿದು ಬಂದ ಕಾವಲುಗಾರನನ್ನು ವೈದ್ಯರು ನೋಡದೆ ವಾಪಸು ಕಳಿಸಿದ ಬಾರ್ನೆಟ್ (1969) ಪ್ರಕರಣದಲ್ಲಿ, ನೋಡಿದ್ದರೂ ಅವನು ಸಾಯುತ್ತಿದ್ದ ಎಂಬ ಕಾರಣಕ್ಕೆ ಆಸ್ಪತ್ರೆಗೆ ಹೊಣೆ ಬರಲಿಲ್ಲ. ಇಲ್ಲಿ ಶೇಕಡ 30ರ ಅವಕಾಶ ಇತ್ತಲ್ಲ ಎನ್ನಬಹುದು. ಹಾಟ್‌ಸನ್ (1987) ಪ್ರಕರಣದ ಹುಡುಗನಿಗೆ ಸಕಾಲದಲ್ಲಿ ಸರಿಯಾದ ಚಿಕಿತ್ಸೆ ಸಿಕ್ಕಿದ್ದರೆ ಗುಣವಾಗುವ ಶೇಕಡ 25ರ ಅವಕಾಶ ಇತ್ತು. ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಅದನ್ನು ಸಂಭವನೀಯತೆಯ ತಕ್ಕಡಿಗೆ ಹಾಕಿ, ಅರ್ಧಕ್ಕಿಂತ ಕಡಿಮೆ ಆದ್ದರಿಂದ ಏನೂ ಕೊಡಲಿಲ್ಲ. ಅದನ್ನು ಅನುಸರಿಸಿದರೆ ಗಂಗವ್ವನ ಬೆರಳುಗಳು ವೈದ್ಯರು ಸರಿಯಾಗಿ ನೋಡಿದ್ದರೂ ಹೋಗುತ್ತಿದ್ದವು ಎಂದೇ ಕಾನೂನು ಭಾವಿಸುತ್ತದೆ, ಬೆರಳುಗಳ ಮಟ್ಟಿಗೆ ವೈದ್ಯರು ಪಾರಾಗುತ್ತಾರೆ. ಹೇಳಿಯೂ ಕೇಳಿಸಿಕೊಳ್ಳದ ವೈದ್ಯರ ಎದುರು ಕೂತ ಹೆಂಗಸಿಗೆ ಇದು ನ್ಯಾಯವೆನಿಸುವುದಿಲ್ಲ, ನನಗೂ ಅನಿಸುವುದಿಲ್ಲ. ಆದರೆ ಅದೇ ಲೆಕ್ಕದ ಇನ್ನೊಂದು ಮುಖ ಗಂಗವ್ವನ ಪರವಾಗಿದೆ. ಬೆರಳು ಹೋಗಲು ತಗ್ಗಿನ ಗಾಯವೇ ಕಾರಣ ಎಂಬುದು ತಕ್ಕಡಿಯಲ್ಲಿ ಭಾರವಾದ್ದರಿಂದ ಮಹಾಂತೇಶ ಶೇಕಡ 70ಕ್ಕಲ್ಲ, ಪೂರ್ತಿ ನಷ್ಟಕ್ಕೆ ಹೊಣೆಯಾಗುತ್ತಾನೆ. ವೈದ್ಯರ ಲೋಪ ಸರಪಳಿಯನ್ನು ಕಡಿಯಿತು ಎಂಬ ವಾದವೂ ಇದರೊಂದಿಗೇ ಕುಸಿಯುತ್ತದೆ. ಫಲಿತಾಂಶವನ್ನೇ ಬದಲಿಸದ ಲೋಪ ಯಾವ ಸರಪಳಿಯನ್ನು ಕಡಿದೀತು?

*ದೂರಸ್ಥತೆ.* ನೇರ ಪರಿಣಾಮವಾದರೆ ಸಾಕು ಎಂಬ ಪೊಲೆಮಿಸ್ (1921) ನಿಯಮವನ್ನು ವ್ಯಾಗನ್ ಮೌಂಡ್ (1961) ತಳ್ಳಿಹಾಕಿತು. ಈಗ ಬೇಕಾಗಿರುವುದು ಆ ಬಗೆಯ ಹಾನಿಯನ್ನು ಮೊದಲೇ ಊಹಿಸಬಹುದಾಗಿತ್ತೇ ಎಂಬುದು. ಮಣಿಕಟ್ಟು ಮುರಿಯುವುದು, ಪಾದ ಸೀಳುವುದು ಊಹೆಗೆ ನಿಲುಕದ್ದಲ್ಲ. ಬೆರಳು ತೆಗೆಯಬೇಕಾಗುತ್ತದೆಂದು ಯಾರು ಊಹಿಸಿಯಾರು ಎಂದು ಮಹಾಂತೇಶ ಕೇಳಬಹುದು. ಉತ್ತರ ಎರಡು ಕಡೆಯಿಂದ ಬರುತ್ತದೆ. ಹ್ಯೂಸ್ (1963) ಪ್ರಕರಣದಲ್ಲಿ ಎಡಿನ್‌ಬರೋದ ಮ್ಯಾನ್‌ಹೋಲ್ ಬಳಿ ಬಿಟ್ಟುಹೋದ ಸೀಮೆಎಣ್ಣೆ ದೀಪದಿಂದ ಸ್ಫೋಟವಾಗಿ ಹುಡುಗ ಸುಟ್ಟುಕೊಂಡ. ಸ್ಫೋಟ ಊಹೆಗೆ ಮೀರಿದ್ದಾದರೂ ಸುಟ್ಟಗಾಯ ಊಹೆಯೊಳಗಿತ್ತು, ಅಷ್ಟು ಸಾಕಾಯಿತು. ಸ್ಮಿತ್ ವಿರುದ್ಧ ಲೀಚ್ ಬ್ರೇನ್ (1962) ಪ್ರಕರಣದಲ್ಲಿ ತುಟಿಯ ಸಣ್ಣ ಸುಟ್ಟಗಾಯ ಮೊದಲೇ ಇದ್ದ ದೇಹಸ್ಥಿತಿಯಿಂದ ಕ್ಯಾನ್ಸರ್‌ಗೆ ತಿರುಗಿ ಕಾರ್ಮಿಕ ಸತ್ತ, ಹೊಣೆ ಪೂರ್ತಿ ಮಾಲೀಕನದಾಯಿತು. ಪೆಟ್ಟು ತಿಂದವರನ್ನು ಅವರು ಇದ್ದ ಸ್ಥಿತಿಯಲ್ಲೇ ಒಪ್ಪಿಕೊಳ್ಳಬೇಕು. ಇಲಿಯ ಮೂತ್ರದಿಂದ ಬಂದ ಅಪರೂಪದ ಕಾಯಿಲೆಯನ್ನು ದೂರಸ್ಥವೆಂದ ಟ್ರೆಮೇನ್ ವಿರುದ್ಧ ಪೈಕ್ (1969) ಇಲ್ಲಿ ನೆರವಿಗೆ ಬಾರದು. ಮಣ್ಣಿನ ಗಾಯ ಕೊಳೆಯುವುದು ಯಾವ ಅಪರೂಪದ ಸಂಗತಿ?

ರೊಟ್ಟಿಯ 3,000 ರೂಪಾಯಿ ದೂರಸ್ಥವಲ್ಲ. ಮಣಿಕಟ್ಟು ಮುರಿದವರು ರೊಟ್ಟಿ ತಟ್ಟಲಾರರು. ಇದು ದೇಹದ ಪೆಟ್ಟಿನಿಂದಲೇ ಹುಟ್ಟಿದ ಗಳಿಕೆಯ ನಷ್ಟ. ಅದೇ ಮದುವೆಯಲ್ಲಿ ಶಿವಾನಂದನೂ ಹಣ ಕಳೆದುಕೊಂಡ. ಆದರೂ ಗಂಗವ್ವನಿಗೆ ಸಿಕ್ಕಿ ಅವನಿಗೆ ಸಿಗದಿರಲು ಇದೇ ಕಾರಣ.

*ವಾದಿಯ ಪಾಲು.* ಕತ್ತಲಲ್ಲಿ ಫೋನಿನಲ್ಲಿ ಮಾತಾಡುತ್ತ ನಡೆದದ್ದರಿಂದ ಗಂಗವ್ವನ ಪರಿಹಾರದಲ್ಲಿ ಒಂದಿಷ್ಟು ಕಡಿತ ಆಗಬಹುದು. ಆದರೆ ರಸ್ತೆ ನಡೆಯಲು ಸುರಕ್ಷಿತವಾಗಿರುತ್ತದೆ ಎಂದು ನಂಬುವುದು ಪಾದಚಾರಿಯ ಹಕ್ಕು, ಮತ್ತು ಆಚೆ ತುದಿಯ ಡ್ರಮ್ಮುಗಳು ಅವರು ಬಂದ ದಿಕ್ಕಿನಿಂದ ಕಾಣುತ್ತಿರಲಿಲ್ಲ. ಶೇಕಡ 10ಕ್ಕಿಂತ ಹೆಚ್ಚು ಕಡಿತವನ್ನು ನಾನು ಒಪ್ಪುವುದಿಲ್ಲ. ಇರ್ಫಾನ್‌ನ ಮೊತ್ತದಲ್ಲಿ ಒಂದು ರೂಪಾಯಿಯೂ ಕಡಿತ ಆಗಬಾರದು.