ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ವಯಸ್ಕರಲ್ಲಿ ಅಧಿಕ ರಕ್ತದೊತ್ತಡ: ಕ್ರಾಸ್ ಸೆಕ್ಷನಲ್ ಅಧ್ಯಯನದ ಪ್ರೋಟೋಕಾಲ್ ಸಾರಾಂಶ

ಈ ಸಾರಾಂಶ ಯಾರಿಗೆ

ಕಾಲೇಜಿನ ಎಥಿಕ್ಸ್ ಕಮಿಟಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಗ್ರಾಮ ಪಂಚಾಯಿತಿ ಸದಸ್ಯರಿಗೆ. ಮೂವರೂ ಒಂದೇ ಕಾಗದ ಓದಲಿ ಅಂತಲೇ ಕನ್ನಡದಲ್ಲಿ ಬರೆದಿದ್ದೇವೆ. ಅಧ್ಯಯನ ನಡೆಸುವವರು ಸಮುದಾಯ ವೈದ್ಯಶಾಸ್ತ್ರ ವಿಭಾಗದ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿನಿ, ಮಾರ್ಗದರ್ಶಕರು ಒಬ್ಬರು, ತರಬೇತಿ ಪಡೆದ ಇಬ್ಬರು ಇಂಟರ್ನಿಗಳು. ಹಳ್ಳಿಯ ಹೆಸರನ್ನು ಬೇಕಂತಲೇ ಬರೆದಿಲ್ಲ. ಮುಂದೆ ವರದಿಯಲ್ಲೂ ಬರೆಯುವುದಿಲ್ಲ.

ಯಾಕೆ ಈ ಅಧ್ಯಯನ

ಬಿಪಿ ಹೆಚ್ಚಿದ್ದರೂ ಎಷ್ಟೋ ಜನಕ್ಕೆ ಏನೂ ಅನಿಸುವುದಿಲ್ಲ. ತಲೆನೋವಿಲ್ಲ, ಸುಸ್ತಿಲ್ಲ. ಹೊಲಕ್ಕೆ ಹೋಗುತ್ತಾರೆ, ಬರುತ್ತಾರೆ. ಒಂದು ದಿನ ಲಕ್ವ ಹೊಡೆದಾಗಲೇ ಗೊತ್ತಾಗುವುದು. ಐಸಿಎಂಆರ್-ಇಂಡಿಯಾಬ್ ಅಧ್ಯಯನದ ವರದಿ 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ 20 ವರ್ಷ ದಾಟಿದವರಲ್ಲಿ ಶೇ. 35.5 ಜನಕ್ಕೆ ಬಿಪಿ ಇದೆ ಎಂದಿತು. ಹಳ್ಳಿಗಳಲ್ಲಿ ಇದು ಸುಮಾರು ಶೇ. 33. ಪೇಟೆಯವರ ಕಾಯಿಲೆ ಅನ್ನುವ ಮಾತು ಇನ್ನು ನಡೆಯುವುದಿಲ್ಲ.

ಆದರೆ ದೇಶದ ಅಂಕಿ ಹಿಡಿದುಕೊಂಡು ಒಂದು ಉಪಕೇಂದ್ರಕ್ಕೆ ಎಷ್ಟು ಮಾತ್ರೆ ಬೇಕು ಅಂತ ಹೇಳಲಾಗುವುದಿಲ್ಲ. ಎಷ್ಟು ಜನಕ್ಕೆ ಬಿಪಿ ಇದೆ ಅನ್ನುವುದರ ಜೊತೆಗೆ ನಮಗೆ ಇನ್ನೂ ಮೂರು ಲೆಕ್ಕ ಬೇಕು. ಅವರಲ್ಲಿ ಎಷ್ಟು ಜನಕ್ಕೆ ಅದು ಗೊತ್ತಿದೆ? ಗೊತ್ತಿದ್ದವರಲ್ಲಿ ಎಷ್ಟು ಜನ ಮಾತ್ರೆ ತಗೊಳ್ತಾರೆ? ತಗೊಳ್ಳುವವರಲ್ಲಿ ಎಷ್ಟು ಜನರದು ಹತೋಟಿಯಲ್ಲಿದೆ? ಜನ ಯಾವ ಮೆಟ್ಟಿಲಲ್ಲಿ ಜಾರುತ್ತಿದ್ದಾರೆ ಅಂತ ತಿಳಿದರೆ ಆಶಾ ಕಾರ್ಯಕರ್ತೆಯೂ ವೈದ್ಯರೂ ಅಲ್ಲೇ ಕೈಹಿಡಿಯಬಹುದು.

ಎಲ್ಲಿ, ಯಾರಲ್ಲಿ

ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಕಬ್ಬು, ಭತ್ತ, ಒಂದಿಷ್ಟು ರೇಷ್ಮೆ. 412 ಮನೆ, 1,640 ಜನ. ಪಿಎಚ್‌ಸಿ 7 ಕಿ.ಮೀ. ದೂರ. ಆಶಾ ಕಾರ್ಯಕರ್ತೆಯ ಮನೆಪಟ್ಟಿಯಂತೆ 20 ವರ್ಷ ಮತ್ತು ಮೇಲ್ಪಟ್ಟವರು 1,140. ಗಂಡಸರು 566, ಹೆಂಗಸರು 574.

ಆರು ತಿಂಗಳಿಗಿಂತ ಹೆಚ್ಚು ಕಾಲದಿಂದ ಊರಲ್ಲಿರುವ 20 ದಾಟಿದ ಯಾರಾದರೂ ಸೇರಬಹುದು. ಗರ್ಭಿಣಿಯರನ್ನೂ ಹೆರಿಗೆಯಾಗಿ ಆರು ವಾರದೊಳಗಿನ ಬಾಣಂತಿಯರನ್ನೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಅವರ ಬಿಪಿಯ ಅರ್ಥವೇ ಬೇರೆ. ಆದರೆ ಅವರು ಕೇಳಿದರೆ ನೋಡಿ, ಹೆಚ್ಚಿದ್ದರೆ ಅಂದೇ ಎಎನ್‌ಎಂಗೆ ತಿಳಿಸುತ್ತೇವೆ. ಹಾಸಿಗೆ ಹಿಡಿದವರನ್ನು ಬಿಡುವುದಿಲ್ಲ. ಮಲಗಿದ್ದಲ್ಲೇ ನೋಡಿ, ಹಾಗೆ ನೋಡಿದ್ದು ಅಂತ ಬರೆದುಕೊಳ್ಳುತ್ತೇವೆ.

ಎಷ್ಟು ಜನ

ಸೂತ್ರ n = Z²pq/d². ಇಲ್ಲಿ ಹಳ್ಳಿಗಳಲ್ಲಿ ಬಿಪಿ ಇರುವವರ ಪ್ರಮಾಣ p 0.33, q ಅಂದರೆ 1 − p, ತಪ್ಪಿಗೆ ಬಿಟ್ಟ ಅಂತರ d 0.06, 95% ವಿಶ್ವಾಸಕ್ಕೆ Z 1.96. ಬರುವುದು 236. ಊರೇ ಚಿಕ್ಕದಾದ್ದರಿಂದ ಅದಕ್ಕೆ ತಿದ್ದುಪಡಿ ಮಾಡಿದರೆ 196. ಶೇ. 15 ಜನ ಸಿಗದಿರಬಹುದು, ಇಲ್ಲವೇ ಒಪ್ಪದಿರಬಹುದು ಅಂದುಕೊಂಡರೆ 231. ನಾವು 240 ಹೆಸರು ಎತ್ತುತ್ತೇವೆ, 120 ಗಂಡಸರು, 120 ಹೆಂಗಸರು.

ಎರಡು ಪಟ್ಟಿಗೂ ಕ್ರಮಸಂಖ್ಯೆ ಕೊಟ್ಟು ಕಂಪ್ಯೂಟರಿನಲ್ಲಿ ಚೀಟಿ ಎತ್ತುವುದು ಹೀಗೆ:

```r
set.seed(417)
men   <- sample(1:566, 120)
women <- sample(1:574, 120)
```

ಎತ್ತಿದ ಹೆಸರು ಎತ್ತಿದ್ದೇ. ಒಬ್ಬರು ಮನೆಯಲ್ಲಿಲ್ಲ ಅಂತ ಪಕ್ಕದ ಮನೆಯವರನ್ನು ಸೇರಿಸುವಂತಿಲ್ಲ. ಹಗಲು ಹೊತ್ತಿನಲ್ಲಿ ಸುಮ್ನೆ ಸಿಗುವವರು ವಯಸ್ಸಾದವರು, ಮನೆವಾಳ್ತೆಯ ಹೆಂಗಸರು. ಬೆಳಿಗ್ಗೆ ಬಸ್ಸು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವ 35ರ ಗಂಡಸು ಸಿಗುವುದಿಲ್ಲ. ಅವನನ್ನು ಬಿಟ್ಟರೆ ನಮ್ಮ ಲೆಕ್ಕ ಊರಿನದಾಗುವುದಿಲ್ಲ, ಅಲ್ವಾ? ಅದಕ್ಕೇ ಪ್ರತಿ ಹೆಸರಿಗೂ ಮೂರು ಸಲ ಹೋಗುತ್ತೇವೆ. ಒಮ್ಮೆ ಬೆಳಿಗ್ಗೆ, ಒಮ್ಮೆ ಸಂಜೆ ಏಳರ ಮೇಲೆ, ಒಮ್ಮೆ ಭಾನುವಾರ.

ಬಿಪಿ ನೋಡುವ ಬಗೆ

ಇಡೀ ಅಧ್ಯಯನ ನಿಂತಿರುವುದು ಇದರ ಮೇಲೆ. ಹಾಗಾಗಿ ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇವೆ.

ಪಕ್ಕದ ಊರಿನ ಹತ್ತು ಮನೆಗಳಲ್ಲಿ ಪ್ರಯೋಗಕ್ಕೆ ಅಂತ ನೋಡಿದೆವು. ಒಬ್ಬ ಅವ್ವ ಹಸುವಿಗೆ ಹುಲ್ಲಿನ ಹೊರೆ ತಂದು ಜಗಲಿ ಮೇಲೆ ಇಳಿಸಿದ್ದರು. ಬೆವರು ಒರೆಸಿಕೊಳ್ಳುತ್ತಲೇ ಕೈ ಚಾಚಿದರು. ಮಿಷನ್ 168/94 ತೋರಿಸಿತು. ನೀರು ಕುಡಿದು, ಗೋಡೆಗೊರಗಿ ಹತ್ತು ನಿಮಿಷ ಮಾತಿಲ್ಲದೆ ಕೂತ ಮೇಲೆ ನೋಡಿದರೆ 136/84. ಮೊದಲ ಅಂಕಿ ಬರೆದುಕೊಂಡು ಬಂದಿದ್ದರೆ ಬಿಪಿ ಇಲ್ಲದವರಿಗೆ ಬಿಪಿ ಅಂಟಿಸಿ ಬಂದಂತಾಗುತ್ತಿತ್ತು.

ಆದ್ದರಿಂದ ನಿಯಮ ಹೀಗೆ. ಅರ್ಧ ಗಂಟೆ ಮುಂಚೆಯಿಂದ ಕಾಫಿ, ಟೀ, ಬೀಡಿ, ಹೊಗೆಸೊಪ್ಪು ಇರಬಾರದು, ಭಾರದ ಕೆಲಸ ಮಾಡಿರಬಾರದು. ಮಾಡಿದ್ದರೆ ಬೇರೆ ಮನೆ ಮುಗಿಸಿ ವಾಪಸ್ ಬರುತ್ತೇವೆ. ಮೂತ್ರಕ್ಕೆ ಹೋಗಬೇಕಿದ್ದರೆ ಹೋಗಿ ಬರಲು ಹೇಳುತ್ತೇವೆ. ಎಷ್ಟೋ ಮನೆಗಳಲ್ಲಿ ಬೆನ್ನಿಗೆ ಆಸರೆಯಿರುವ ಕುರ್ಚಿ ಇರುವುದಿಲ್ಲ. ಮಡಚುವ ಕುರ್ಚಿ, ಪುಟ್ಟ ಮೇಜು ನಾವೇ ಒಯ್ಯುತ್ತೇವೆ. ಐದು ನಿಮಿಷ ಸುಮ್ಮನೆ ಕೂರಬೇಕು. ಪಾದ ನೆಲಕ್ಕೆ, ಕಾಲ ಮೇಲೆ ಕಾಲಿಲ್ಲ, ತೋಳು ಎದೆಯ ಮಟ್ಟಕ್ಕೆ.

ತೋಳಿನ ಸುತ್ತಳತೆ ತಗೊಂಡು ಅದಕ್ಕೆ ಸರಿಯಾದ ಪಟ್ಟಿ ಕಟ್ಟುತ್ತೇವೆ. ಚಿಕ್ಕದು, ಮಧ್ಯಮ, ದೊಡ್ಡದು ಮೂರೂ ಚೀಲದಲ್ಲಿರುತ್ತವೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಅಂಕಿ ಜಾಸ್ತಿ ಬರುತ್ತದೆ. ಬಟ್ಟೆಯ ಮೇಲೆ ಕಟ್ಟುವುದಿಲ್ಲ. ಬಿಗಿ ರವಿಕೆ ತೋಳನ್ನು ಮೇಲೆ ಸುರುಟಿಯೂ ಕಟ್ಟುವುದಿಲ್ಲ. ಹೆಂಗಸರಿಗೆ ಹೆಣ್ಣುಮಕ್ಕಳೇ, ಮನೆಯೊಳಗೇ ನೋಡುತ್ತಾರೆ.

ಮೊದಲು ನಾಡಿ ಹಿಡಿದು ನೋಡುತ್ತೇವೆ. ತಾಳ ತಪ್ಪುತ್ತಿದ್ದರೆ ತಾನಾಗಿ ಓಡುವ ಮಿಷನ್ನಿನ ಅಂಕಿ ನಂಬುವಂತಿಲ್ಲ. ಅಂಥವರಿಗೆ ಸ್ಟೆತಸ್ಕೋಪ್ ಇಟ್ಟು ಕೈಯಲ್ಲೇ ನೋಡುತ್ತೇವೆ. ಎಲ್ಲರಿಗೂ ಮೂರು ಸಲ, ನಡುವೆ ಒಂದೊಂದು ನಿಮಿಷ ಬಿಡುವು. ಮೊದಲನೆಯದನ್ನು ಬಿಟ್ಟು ಕೊನೆಯ ಎರಡರ ಸರಾಸರಿ ಲೆಕ್ಕಕ್ಕೆ. ಅಂಕಿಯನ್ನು 140, 150 ಅಂತ ದುಂಡಗೆ ಮಾಡಿ ಬರೆಯುವಂತಿಲ್ಲ. ತೋರಿಸಿದ್ದನ್ನೇ ಬರೆಯಬೇಕು. ವಾರಕ್ಕೊಮ್ಮೆ ಎರಡೂ ಮಿಷನ್‌ಗಳನ್ನು ವಿಭಾಗದ ಪ್ರಮಾಣಿತ ಉಪಕರಣದ ಜೊತೆ ಹೋಲಿಸುತ್ತೇವೆ.

ಸರಾಸರಿ 140/90 ಅಥವಾ ಹೆಚ್ಚು ಇದ್ದರೆ (ಮೇಲಿನದೋ ಕೆಳಗಿನದೋ ಒಂದಾದರೂ), ಇಲ್ಲವೇ ಕಳೆದ ಎರಡು ವಾರದಲ್ಲಿ ಬಿಪಿ ಮಾತ್ರೆ ತಗೊಂಡಿದ್ದರೆ, ಅಧ್ಯಯನದ ಲೆಕ್ಕದಲ್ಲಿ ಅಧಿಕ ರಕ್ತದೊತ್ತಡ. ಅಮೆರಿಕದ 2017ರ ಮಾರ್ಗಸೂಚಿ 130/80 ಅನ್ನುತ್ತದೆ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಶುರುವಾಗುವುದು 140/90ರ ಲೆಕ್ಕದಲ್ಲಿ, ಹಾಗಾಗಿ ಅದನ್ನೇ ಇಟ್ಟುಕೊಂಡೆವು. ಒಂದು ದಿನದ ಅಂಕಿಯಿಂದ ಊರಿನ ಲೆಕ್ಕ ಹಾಕಬಹುದು. ಒಬ್ಬರಿಗೆ ಕಾಯಿಲೆ ಇದೆ ಅಂತ ಹೇಳಲು ಅದು ಸಾಲದು. ಈ ವ್ಯತ್ಯಾಸವನ್ನು ಪ್ರತಿ ಮನೆಯಲ್ಲೂ ಬಿಡಿಸಿ ಹೇಳುತ್ತೇವೆ.

ಬೇರೆ ಏನು ಕೇಳುತ್ತೇವೆ

ವಯಸ್ಸು, ಓದು, ಕೆಲಸ, ಮನೆಯವರಿಗೆ ಬಿಪಿ ಅಥವಾ ಲಕ್ವ ಇತ್ತೇ, ಬೀಡಿ, ಕಡ್ಡಿಪುಡಿ, ಹೊಗೆಸೊಪ್ಪು, ಕುಡಿತ. ತೂಕ, ಎತ್ತರ, ಸೊಂಟದ ಸುತ್ತಳತೆ. ಮಾತ್ರೆ ತಗೊಳ್ತೀನಿ ಅಂದರೆ ಮಾತ್ರೆಯ ಸ್ಟ್ರಿಪ್ ತೋರಿಸಲು ಕೇಳುತ್ತೇವೆ. ನಿಲ್ಲಿಸಿದ್ದರೆ ಯಾಕೆ ಅಂತ ಅವರ ಮಾತಲ್ಲೇ ಬರೆದುಕೊಳ್ಳುತ್ತೇವೆ. ತಪ್ಪು ಹುಡುಕುವ ದನಿ ಬೇಡ ಅಂತ ತರಬೇತಿಯಲ್ಲೇ ಹೇಳಿದ್ದೇವೆ.

ಉಪ್ಪಿನದು ಕಷ್ಟ. ಸರಿಯಾಗಿ ಅಳೆಯಲು 24 ಗಂಟೆಯ ಮೂತ್ರ ಸಂಗ್ರಹಿಸಬೇಕು. ಈ ಅಧ್ಯಯನದಲ್ಲಿ ಅದು ಆಗದ ಕೆಲಸ. ತಿಂಗಳಿಗೆ ಎಷ್ಟು ಪ್ಯಾಕೆಟ್ ಉಪ್ಪು, ಉಣ್ಣುವವರು ಎಷ್ಟು, ಉಪ್ಪಿನಕಾಯಿ ಹಪ್ಪಳ ವಾರಕ್ಕೆಷ್ಟು ಸಲ, ಮಜ್ಜಿಗೆಗೂ ಮುದ್ದೆಗೂ ಬೇರೆ ಉಪ್ಪು ಹಾಕ್ತೀರಾ ಅಂತ ಕೇಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಅನ್ನುವ ಮಿತಿಯನ್ನು ಊರಿನ ಅಂದಾಜಿನ ಪಕ್ಕ ಇಟ್ಟು ನೋಡುತ್ತೇವೆ. ಒಬ್ಬೊಬ್ಬರ ಮೇಲೆ ಅದನ್ನು ಹೊರಿಸುವುದಿಲ್ಲ.

ಹೆಚ್ಚು ಬಂದರೆ ಏನು ಮಾಡುತ್ತೇವೆ

ಈ ಭಾಗವನ್ನು ಬರೆಯುವಾಗ ಹಿಂದೆ ನಾವೇ ಮಾಡಿದ ಒಂದು ಶಿಬಿರ ನೆನಪಿತ್ತು. ಶಾಲೆಯ ಪಡಸಾಲೆಯಲ್ಲಿ ಸಾಲಾಗಿ ನಿಲ್ಲಿಸಿ ಬಿಪಿ ನೋಡಿ ಚೀಟಿ ಕೊಟ್ಟೆವು. ಆಮೇಲೆ ಅವರು ಎಲ್ಲಿಗೆ ಹೋದರು ಅಂತ ಯಾರೂ ಕೇಳಲಿಲ್ಲ. ಈ ಸಲ ಅದು ಆಗಬಾರದು.

140/90 ಅಥವಾ ಮೇಲಿದ್ದರೆ ಒಂದು ವಾರದೊಳಗೆ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯಾಧಿಕಾರಿ, ಅಂದರೆ ಸಿಎಚ್‌ಒ, ಮತ್ತೆ ನೋಡುತ್ತಾರೆ. ಬರದಿದ್ದರೆ ನಾವು ಫೋನ್ ಮಾಡಿ, ಬೇಕಾದರೆ ಮನೆಗೇ ಹೋಗಿ ಕೇಳುತ್ತೇವೆ. 180/110 ದಾಟಿದ್ದರೆ ಅಂದೇ ಪಿಎಚ್‌ಸಿಗೆ, ನಮ್ಮ ವಾಹನದಲ್ಲೇ. ಅದರ ಜೊತೆ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು ಇದ್ದರೆ ಕೂಡಲೇ 108. ಪ್ರಶ್ನೆಪತ್ರಿಕೆ ಅಲ್ಲಿಗೇ ನಿಲ್ಲುತ್ತದೆ. ಮಾತ್ರೆ ನಾವು ಬರೆಯುವುದಿಲ್ಲ, ಇರುವ ಮಾತ್ರೆಯನ್ನು ಬದಲಿಸುವುದೂ ಇಲ್ಲ.

ಒಪ್ಪಿಗೆ ಮತ್ತು ಗುಟ್ಟು

ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯಂತೆ ಬರಹದ ಒಪ್ಪಿಗೆ ಪಡೆಯುತ್ತೇವೆ. ಓದಲು ಬಾರದವರಿಗೆ ಓದಿ ಹೇಳಿ, ನಮ್ಮ ತಂಡಕ್ಕೆ ಸೇರದ ಸಾಕ್ಷಿಯ ಎದುರು ಹೆಬ್ಬೆಟ್ಟು. ಒಂದು ಪ್ರತಿ ಅವರಿಗೆ. ಓದಿ ಹೇಳುವ ಮಾತು ಇದು:

"ನಿಮ್ಮ ಹೆಸರು ಚೀಟಿಯಲ್ಲಿ ಬಂದಿದೆ, ಅದಕ್ಕೇ ಬಂದಿದ್ದೇವೆ. ಮುಕ್ಕಾಲು ಗಂಟೆ ಬೇಕು. ಸೂಜಿ ಚುಚ್ಚುವುದಿಲ್ಲ, ರಕ್ತ ತೆಗೆಯುವುದಿಲ್ಲ. ಪಟ್ಟಿ ಬಿಗಿಯಾದಾಗ ತೋಳು ಒಂದು ಗಳಿಗೆ ನೋಯಬಹುದು. ಬೇಡ ಅನಿಸಿದರೆ ಬೇಡ ಅನ್ನಿ, ನಡುವೆ ಬೇಕಾದರೂ ನಿಲ್ಲಿಸಿ. ಅದರಿಂದ ನಿಮ್ಮ ರೇಷನ್‌ಗಾಗಲಿ, ಪಿಂಚಣಿಗಾಗಲಿ, ಆಸ್ಪತ್ರೆಯಲ್ಲಿ ನೋಡಿಕೊಳ್ಳುವುದಕ್ಕಾಗಲಿ ಏನೂ ತೊಂದರೆ ಇಲ್ಲ."

ಮನೆ ತೋರಿಸಲು ಆಶಾ ಕಾರ್ಯಕರ್ತೆ ಜೊತೆಗಿರುತ್ತಾರೆ. ಪ್ರಶ್ನೆ ಶುರುವಾದಾಗ ಅವರು ಹೊರಗೆ ಬರುತ್ತಾರೆ. ಅದೇ ಊರಿನ ಸೊಸೆಯ ಮುಂದೆ ಕುಡಿತದ ಮಾತು ಯಾರೂ ನಿಜ ಹೇಳುವುದಿಲ್ಲ. ಮದುವೆಗೆ ಬಂದ ಮಗಳಿರುವ ಮನೆಗೆ "ಅವಳಿಗೆ ಬಿಪಿಯಂತೆ" ಅನ್ನುವ ಮಾತು ಹಬ್ಬಿದರೆ ಆಗುವ ನೋವು ಚಿಕ್ಕದಲ್ಲ. ಮತ್ತೆ ನೋಡಿಸಬೇಕಾದವರ ಹೆಸರನ್ನು ಅವರು ಒಪ್ಪಿದರೆ ಮಾತ್ರ ಸಿಎಚ್‌ಒಗೆ ಕೊಡುತ್ತೇವೆ. ಉತ್ತರದ ಹಾಳೆಯಲ್ಲಿ ಹೆಸರಿರುವುದಿಲ್ಲ, ಕೋಡ್ ಮಾತ್ರ. ಹೆಸರು ಮತ್ತು ಕೋಡ್ ಇರುವ ಪುಸ್ತಕ ವಿಭಾಗದ ಬೀರುವಿನಲ್ಲಿ ಬೀಗದೊಳಗೆ.

ಲೆಕ್ಕ ಮತ್ತು ಅದರ ಮಿತಿ

ಬಿಪಿ ಇರುವವರ ಪ್ರಮಾಣವನ್ನು 95% ವಿಶ್ವಾಸ ಅಂತರದ ಜೊತೆ ಕೊಡುತ್ತೇವೆ. ಗೊತ್ತಿರುವುದು, ಚಿಕಿತ್ಸೆ, ಹತೋಟಿ ಈ ಮೂರನ್ನೂ ಹಾಗೆಯೇ. ಇಷ್ಟು ಸಾಮಾನ್ಯವಾದ ಕಾಯಿಲೆಯಲ್ಲಿ ಆಡ್ಸ್ ರೇಷಿಯೋ ನಂಟನ್ನು ಉಬ್ಬಿಸಿ ತೋರಿಸುತ್ತದೆ. ಆದ್ದರಿಂದ ಪಾಯ್ಸಾನ್ ರಿಗ್ರೆಷನ್‌ನಿಂದ ಪ್ರಿವಲೆನ್ಸ್ ರೇಷಿಯೋ ತೆಗೆಯುತ್ತೇವೆ, ಅಂದರೆ ಒಂದು ಗುಂಪಿನಲ್ಲಿ ಬಿಪಿ ಇರುವವರ ಪ್ರಮಾಣ ಇನ್ನೊಂದು ಗುಂಪಿನದರ ಎಷ್ಟು ಪಟ್ಟು ಅನ್ನುವ ಲೆಕ್ಕ. 240ರಲ್ಲಿ ಶೇ. 85, ಅಂದರೆ 204 ಜನ ಸಿಕ್ಕರೆ ಅವರಲ್ಲಿ ಬಿಪಿಯವರು ಸುಮಾರು 67 ಇರಬಹುದು. ಅಷ್ಟಕ್ಕೆ ಆರು ಅಂಶಕ್ಕಿಂತ ಹೆಚ್ಚು ತುರುಕುವುದಿಲ್ಲ. ಆ ಆರು ಯಾವುವು ಅಂತ ಈಗಲೇ ನಿಗದಿ ಮಾಡಿದ್ದೇವೆ: ವಯಸ್ಸು, ಲಿಂಗ, ಸೊಂಟದ ಸುತ್ತಳತೆ, ತಂಬಾಕು, ಕುಡಿತ, ಮನೆಯವರ ಇತಿಹಾಸ.

ಕ್ರಾಸ್ ಸೆಕ್ಷನಲ್ ಅಂದರೆ ಪ್ರತಿಯೊಬ್ಬರನ್ನೂ ಒಂದೇ ಹೊತ್ತಿನಲ್ಲಿ ನೋಡಿ ಮುಗಿಸುವ ಅಧ್ಯಯನ, ಹಾಗಾಗಿ ಕಾರಣ ಯಾವುದು ಅಂತ ಇದು ಹೇಳಲಾರದು. ಬಿಪಿ ಇದೆ ಅಂತ ಗೊತ್ತಾದ ಮೇಲೆ ಉಪ್ಪು ಬಿಟ್ಟವರೇ ಜಾಸ್ತಿ ಇದ್ದರೆ, ಉಪ್ಪು ಕಡಿಮೆ ತಿನ್ನುವವರಲ್ಲೇ ಬಿಪಿ ಹೆಚ್ಚು ಅನ್ನುವ ತಲೆಕೆಳಗಾದ ಲೆಕ್ಕ ಬರಬಹುದು. ಚಳಿಗಾಲದಲ್ಲಿ ಬಿಪಿ ತುಸು ಏರುತ್ತದೆ, ಹಾಗಾಗಿ ನೋಡಿದ ತಿಂಗಳನ್ನೂ ಬರೆಯುತ್ತೇವೆ. ಒಂದೂರಿನ ಲೆಕ್ಕ ತಾಲ್ಲೂಕಿಗೆಲ್ಲ ಅನ್ವಯಿಸದು.

ಸಮಯ, ಖರ್ಚು

ಕಮಿಟಿಯ ಒಪ್ಪಿಗೆ ಸಿಕ್ಕ ಮೇಲೆ ಎರಡು ವಾರ ತರಬೇತಿ, ಎಂಟು ವಾರ ಮನೆಭೇಟಿ, ಆರು ವಾರ ಲೆಕ್ಕ ಮತ್ತು ವರದಿ. ಊರ ಹಬ್ಬದ ವಾರ ಬಿಡುತ್ತೇವೆ. ಖರ್ಚು 42,000 ರೂ.: ಎರಡು ಮಿಷನ್ 9,000, ಪಟ್ಟಿಗಳು 3,000, ತೂಕದ ಯಂತ್ರ ಮತ್ತು ಟೇಪು 4,500, ಮುದ್ರಣ 5,500, ಓಡಾಟ 14,000, ಆಶಾ ಕಾರ್ಯಕರ್ತೆಯ ಗೌರವಧನ 6,000. ಔಷಧ ಕಂಪನಿಗಳಿಂದ ಹಣ ತಗೊಂಡಿಲ್ಲ.

ಊರಿಗೆ ವಾಪಸ್

ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲೇ ಓದುತ್ತೇವೆ. ಹೆಸರಿಲ್ಲದ ಒಟ್ಟು ಅಂಕಿ ಮಾತ್ರ. ಐದಕ್ಕಿಂತ ಕಡಿಮೆ ಜನರ ಗುಂಪನ್ನು ಬೇರೆಯಾಗಿ ತೋರಿಸುವುದಿಲ್ಲ. ಪ್ರತಿಯೊಬ್ಬರಿಗೂ ಅವರ ಅಂಕಿ ಬರೆದ ಕಾರ್ಡು ಅದೇ ದಿನ ಕೈಗೆ ಕೊಡುತ್ತೇವೆ. ಕಾರ್ಡಿನ ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಇಷ್ಟಿರುತ್ತದೆ: "ಉಪಕೇಂದ್ರದಲ್ಲಿ ಬಿಪಿ ನೋಡುವುದಕ್ಕೂ ಮಾತ್ರೆಗೂ ದುಡ್ಡಿಲ್ಲ. ಹುಷಾರಾಗಿದೀನಿ ಅನಿಸಿದರೂ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ."