ಕೊನೇ ಬೆಂಚಿಗೆ ಕಾಣದ ಅಕ್ಷರ

"ಮಿಸ್, ಕಾಣಿಸ್ತಿಲ್ಲ."

ಕೊನೇ ಬೆಂಚಿನ ಹುಡುಗ ಹಾಗಂದಾಗ ನಾನು ಅವನನ್ನೇ ಬೈದೆ. ಮನೇಲಿ ಹೇಳಿ ಕಣ್ಣು ತೋರಿಸ್ಕೋ ಅಂದೆ. ಅವನು ಸುಮ್ನೆ ಕೂತ.

ಗಂಟೆ ಹೊಡೆದ ಮೇಲೆ ಹಿಂದೆ ಹೋಗಿ ನಿಂತು ಬೋರ್ಡು ನೋಡಿದೆ. ಪ್ರತಿ ಸಾಲಿನ ಮೊದಲ ಪದ ಚೆನ್ನಾಗೇ ಇತ್ತು, ಬಲಕ್ಕೆ ಹೋಗ್ತಾ ಹೋಗ್ತಾ ಅಕ್ಷರ ಕುಗ್ಗಿ, ಕೊನೆಗೆ ಒತ್ತಕ್ಷರಗಳೆಲ್ಲ ಇರುವೆ ಸಾಲಿನಂತೆ ಕಾಣುತ್ತಿದ್ದವು. ಸೀಮೆಸುಣ್ಣ ಸರಿಯಿಲ್ಲ ಅಂದುಕೊಂಡೆ.

ಬಲ ಭುಜ ಹಿಡಿದುಕೊಂಡು ಎಷ್ಟೋ ತಿಂಗಳಾಗಿತ್ತು. ಕೈ ಎತ್ತಿ ಬರೆಯೋರಿಗೆ ಅದು ಮಾಮೂಲಿ ಅಲ್ವಾ? ಹೂವಿನ ವಾಸನೆ ಗೊತ್ತಾಗುತ್ತಿರಲಿಲ್ಲ, ಅದಕ್ಕೆ ನೆಗಡಿ ಕಾರಣ. ಸ್ಟಾಫ್ ರೂಮಿನಲ್ಲಿ "ಯಾಕೆ, ಸಿಟ್ಟಾ?" ಅಂತ ಕೇಳುತ್ತಿದ್ದರು, ಆಗ ನಾನು ನಗುತ್ತಿದ್ದೆ. ನಗುತ್ತಿದ್ದೇನೆ ಅಂದುಕೊಂಡಿದ್ದೆ.

ಒಂದು ದಿನ ಪರೀಕ್ಷೆ ನಡೆಯುತ್ತಿತ್ತು. ನಾನು ಕುರ್ಚಿಯಲ್ಲಿ ಕೂತಿದ್ದೆ. ಮುಂದಿನ ಬೆಂಚಿನ ಹುಡುಗಿ ಬರೆಯೋದು ಬಿಟ್ಟು ನನ್ನ ಮಡಿಲನ್ನೇ ನೋಡುತ್ತಿದ್ದಳು. ಬಲಗೈಯ ಹೆಬ್ಬೆರಳು ತೋರುಬೆರಳಿಗೆ ಉಜ್ಜುತ್ತಾ ಇತ್ತು, ಸಣ್ಣ ಸೀಮೆಸುಣ್ಣದ ಚೂರೊಂದನ್ನು ಹೊರಳಿಸುವ ಹಾಗೆ. ಕೈ ಖಾಲಿ ಇತ್ತು. ಪೆನ್ನು ಎತ್ತಿಕೊಂಡೆ, ನಡುಕ ನಿಂತಿತು. ಕೆಳಗಿಟ್ಟೆ, ಮತ್ತೆ ಶುರು.

ನರರೋಗದ ಡಾಕ್ಟರು ನನ್ನನ್ನು ಕಾರಿಡಾರಿನಲ್ಲಿ ನಡೆಸಿದರು. ಎಡಗೈ ಬೀಸುತ್ತಿತ್ತು, ಬಲಗೈ ಹಾಗೇ ಅಂಟಿಕೊಂಡಿತ್ತು. ಬೆರಳು ಬಡಿಯಿರಿ ಅಂದರು. ಮೊದಲು ದೊಡ್ಡದಾಗಿ ಬಡಿದೆ, ಆಮೇಲೆ ಚಿಕ್ಕದು, ಇನ್ನೂ ಚಿಕ್ಕದು. ಥೇಟ್ ನನ್ನ ಅಕ್ಷರಗಳ ಹಾಗೆ.

"ಪಾರ್ಕಿನ್ಸನ್" ಅಂದರು. ಮೆದುಳಿನಲ್ಲಿ ಡೋಪಮಿನ್ ಅನ್ನೋ ರಾಸಾಯನಿಕ ಮಾಡುವ ಜೀವಕೋಶಗಳು ಸಾಯುತ್ತಾ ಬರುತ್ತವೆ, ಅದಕ್ಕೇ ಮುಖದ, ಭುಜದ ಈ ಬಿಗಿತ, ನಿಧಾನ, ನಡುಕ. ವಾಸನೆ ಹೋಗೋದು ಎಷ್ಟೋ ಜನರಲ್ಲಿ ನಡುಕಕ್ಕಿಂತ ವರ್ಷಗಳ ಮುಂಚೆಯಂತೆ. ಪಾಪ, ನೆಗಡಿಯನ್ನು ಬೈದಿದ್ದೆ.

"ಪಾಠ ಮಾಡಬಹುದಾ?" ಅದೊಂದೇ ಕೇಳಿದ್ದು.

"ಮಾಡಿ. ದಿನಾ ವ್ಯಾಯಾಮನೂ ಮಾಡಿ."

ಲೆವೊಡೋಪಾ ಮಾತ್ರೆ ಬರೆದುಕೊಟ್ಟರು. ಅದು ಕಾಯಿಲೆಯನ್ನು ನಿಲ್ಲಿಸಲ್ಲ, ಕೈಕಾಲು ಸಡಿಲ ಮಾಡುತ್ತದೆ ಅಷ್ಟೇ. ಊಟದ ಜೊತೆ ಬೇಡ, ಪ್ರೋಟೀನು ಅದಕ್ಕೆ ಅಡ್ಡ ಬರುತ್ತದೆ ಅಂದರು.

ರಾತ್ರಿ ನಿದ್ದೆ ಬರದೆ ಅದರ ಬಗ್ಗೆಯೇ ಓದುತ್ತಾ ಕೂತೆ. 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ವಿವರಿಸಿದ್ದು ಬರೀ ಆರು ಜನರನ್ನು ಗಮನಿಸಿ. ಅವರಲ್ಲಿ ಕೆಲವರನ್ನು ಕಂಡಿದ್ದು ಬೀದಿಯಲ್ಲಿ. ನನ್ನನ್ನೂ ಮೊದಲು ಗಮನಿಸಿದ್ದು ಡಾಕ್ಟರಲ್ಲ. ಯಾರು ಅಂತ ಗೊತ್ತು, ಅವನನ್ನೇ ಬೈದಿದ್ದು.

ಸೋಮವಾರ ಬೋರ್ಡಿನ ಮೇಲೆ ಸ್ಕೇಲ್ ಇಟ್ಟು ಉದ್ದಕ್ಕೆ ಎರಡು ಗೆರೆ ಎಳೆದೆ. ಗೆರೆಯಿದ್ದರೆ ಅಕ್ಷರ ಕುಗ್ಗೋದು ಕಡಿಮೆ. "ಮಿಸ್, ನಾವೇನು ಒಂದನೇ ಕ್ಲಾಸಾ?" ಅಂತ ಯಾರೋ ನಕ್ಕರು. ಪ್ರತಿ ಅಕ್ಷರವನ್ನೂ ಎರಡೂ ಗೆರೆಗೆ ಮುಟ್ಟಿಸುತ್ತಾ ಬರೆದೆ. ಒಂದು ಸಾಲಿಗೆ ತುಂಬಾ ಹೊತ್ತು ಹಿಡಿಯಿತು.

ಕೊನೇ ಬೆಂಚಿನವನು ಎದ್ದು ನಿಂತ. "ಮಿಸ್, ಕಣ್ಣು ತೋರಿಸ್ಕೊಂಡು ಬಂದೆ. ಸರಿ ಇದೆಯಂತೆ."

"ಗೊತ್ತು ಕಣೋ. ಈಗ ಓದು."

ಕೊನೇ ಪದದವರೆಗೂ ಓದಿದ.